ಬಚ್ಚಲುಮನೆಯ ಗೂಡಿನಲ್ಲಿ ಹುಟ್ಟುವ ಇಟ್ಟಿಗೆ

ಆಷಾಢಮಾಸದ ಒಂದು ಮಧ್ಯಾಹ್ನ, ಮೂರು ದಿನಗಳಿಂದ ಎಡೆಬಿಡದೆ ಹುಯ್ಯುತ್ತಿದ್ದ ಮಳೆ ಒಂದು ಗಳಿಗೆ ಹೊಳವಾದ ಸಮಯವನ್ನು ನೋಡಿಕೊಂಡು, ತೀರ್ಥಹಳ್ಳಿಯ ಸಮೀಪದ ನಮ್ಮಣ್ಣನ ಮನೆಯ ಅಂಗಳಕ್ಕೆ ಕಾಲಿಟ್ಟ ನನಗೆ ಹಿತ್ತಲ ಕಡೆಯಿಂದ ಏನನ್ನೋ ಕುಟ್ಟುವ ಸದ್ದು ಕೇಳಿಸಿತು. ಅವಲಕ್ಕಿ ಕುಟ್ಟುವ ಕಾಲವಲ್ಲ, ಖಾರ ಕುಟ್ಟುವ ಕಾಲವಂತೂ ಮೊದಲೇ ಅಲ್ಲ. ಹಾಗಾದರೆ ಇದೇನೆಂದು ಹೋಗಿ ನೋಡಿದರೆ, ಅತ್ತಿಗೆ ಬಚ್ಚಲುಮನೆಯ ಮೆಟ್ಟಿಲ ಮೇಲೆ ಕುಳಿತು, ಒಂದು ಪ್ಲಾಸ್ಟಿಕ್ ಬಕೀಟನ್ನು ಮೊಣಕಾಲ ನಡುವೆ ಇರುಕಿಕೊಂಡು, ಅದರೊಳಗಣ ಬಟ್ಟೆ ಒಗೆಯುವ ಪುಡಿಯನ್ನು ಗುಂಡುಕಲ್ಲಿನಿಂದ ಜಜ್ಜುತ್ತಿದ್ದರು. ಪುಡಿಯೆಂದು ನಾನು ಕರೆದದ್ದು ಅಭ್ಯಾಸಬಲದಿಂದ. ಬಕೀಟಿನಲ್ಲಿದ್ದುದು ತಳದ ಆಕಾರವನ್ನೇ ತಳೆದು ಕುಳಿತ ಒಂದು ನೀಲಿಬಿಳುಪಿನ ಬಂಡೆ.

“ನೋಡು ಮಾರಾಯ, ಪುಡಿ ಅಂತ ದುಡ್ಡು ಕೊಟ್ಟು ತಂದದ್ದು, ಈಗ ಕಲ್ಲು ಒಡೆದ ಹಾಗೆ ಒಡೀಬೇಕು. ಇದರ ಶಕ್ತಿಯೂ ಹೋಗಿರ್ತದೋ ಏನೋ. ಬಿಸಾಡೋದೋ ಇಟ್ಕೊಳ್ಳೋದೋ, ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವನು ನೀನೇ ಹೇಳು” ಎಂದರು ಅತ್ತಿಗೆ.

ಅವರು ಒಂದೇ ಉಸಿರಿನಲ್ಲಿ ಕೇಳಿದ್ದು ಎರಡು ಪ್ರಶ್ನೆ. ಪುಡಿ ಕಲ್ಲಾದದ್ದೇಕೆ ಎಂಬುದು ಒಂದು; ಅದರ ಶಕ್ತಿ ಕುಂದಿದೆಯೇ ಎಂಬುದು ಇನ್ನೊಂದು. ಗಂಟುಕಟ್ಟಿದ್ದೆಲ್ಲ ಸತ್ತ ಪುಡಿ, ಉದುರುದುರಾಗಿರುವುದೆಲ್ಲ ಜೀವಂತ ಪುಡಿ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಈ ಎರಡು ವಿಕಾರಗಳಿಗೆ ಕಾರಣವಾಗತಕ್ಕ ತೇವ ಒಂದೇ ಆದರೂ ಅವು ನಡೆಯುವ ಬಗೆ ಬೇರೆ, ಅವಕ್ಕೆ ತುತ್ತಾಗುವ ವಸ್ತುಗಳೂ ಬೇರೆ. ಕಲ್ಲಾದ ಪುಡಿ ಪೂರ್ಣ ಸಮರ್ಥವಾಗಿರಬಹುದು. ಕೈಯಿಂದ ನಯವಾಗಿ ಜಾರುವ ಪುಡಿ ಅರ್ಧ ನಿರ್ವೀರ್ಯವಾಗಿರಬಹುದು.

ಮೊದಲು ತೂಗಿ ನೋಡೋಣವೆಂದೆ. ವೈಶಾಖದ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ ಪೇಟೆಗೆ ಹೋದಾಗ, ಅಗ್ಗಕ್ಕೆ ಸಿಕ್ಕಿತೆಂದು ಅಣ್ಣ ತಂದಿದ್ದುದು 4 ಕಿಲೋದ ದೊಡ್ಡ ಚೀಲ. ಅದು ಮೇಲ್ಕಟ್ಟು ಬಿಚ್ಚದೆ ಕೆಲವು ವಾರ ಸುಖವಾಗಿತ್ತು. ಆಮೇಲೆ ಅದನ್ನು ಬಕೀಟಿಗೆ ಸುರಿದು, ಮೇಲೊಂದು ಅಡ್ಡತಟ್ಟೆ ಮುಚ್ಚಿ, ಬಚ್ಚಲ ಗೂಡಿನಲ್ಲಿ ಇಟ್ಟಿದ್ದರು. ದಿನಕ್ಕೆ ಸುಮಾರು 60 ಗ್ರಾಮಿನಂತೆ 20 ದಿನ ಬಳಸಿದ್ದರಿಂದ ಉಳಿದಿರಬೇಕಾದದ್ದು 2 ಕಿಲೋ 800 ಗ್ರಾಂ. ಬಕೀಟಿನ ತೂಕ ಕಳೆದು ನೋಡಿದರೆ ಅಡಕೆ ತೂಗುವ ತಕ್ಕಡಿ ತೋರಿಸಿದ್ದು 3 ಕಿಲೋ 20 ಗ್ರಾಂ. ಹೆಚ್ಚುವರಿಯಾಗಿ ಬಂದ ಆ 220 ಗ್ರಾಂ ನೀರು; ಒಂದು ದೊಡ್ಡ ಲೋಟದಷ್ಟು ನೀರನ್ನು ಪುಡಿ ಯಾರಿಗೂ ಕಾಣದಂತೆ ಕುಡಿದಿತ್ತು. ಸೋಜಿಗವೆಂದರೆ ಒಡೆದ ಹೆಂಟೆಯನ್ನು ಅಂಗೈಯಲ್ಲಿ ಹಿಡಿದರೆ ಅದು ಒಣಗಿದಂತೆಯೇ ತೋರುತ್ತಿತ್ತು, ಒಂದು ಹನಿ ತೇವವೂ ಕೈಗೆ ಹತ್ತುತ್ತಿರಲಿಲ್ಲ.

ಈ ಸೋಜಿಗದ ಮೂಲ ಪುಡಿಯ ಘಟಕಗಳಲ್ಲಿದೆ. ನೊರೆ ಬರಿಸಿ ಜಿಡ್ಡನ್ನು ಬಿಡಿಸುವ ಮೂಲದ್ರವ್ಯ ಯಾವ ಪೊಟ್ಟಣದಲ್ಲಿಯೂ ಒಂದು ಅಂಶ ಮಾತ್ರವಾಗಿದ್ದು, ಮಿಕ್ಕದ್ದರಲ್ಲಿ ಬಹುಪಾಲು ಲವಣಗಳೇ: ನೀರಿನ ಗಡಸುತನವನ್ನು ತಗ್ಗಿಸುವ ಸೋಡಾ, ಮೈತುಂಬಿಸಲೆಂದು ಸೇರಿಸುವ ಸೋಡಿಯಂ ಸಲ್ಫೇಟ್, ಒಂದಿಷ್ಟು ಸಿಲಿಕೇಟ್, ಅಗ್ಗದ ಪುಡಿಗಳಲ್ಲಿ ಅಡುಗೆಯ ಉಪ್ಪು ಕೂಡ. ಈ ಲವಣಗಳಲ್ಲಿ ಸೋಡಾ ಮತ್ತು ಸಲ್ಫೇಟುಗಳಿಗೆ ನೀರನ್ನು ಕಂಡರೆ ವಿಶೇಷ ಮೋಹ; ಅವು ನೀರನ್ನು ಮೈಮೇಲೆ ಹೊದ್ದುಕೊಳ್ಳುವುದಿಲ್ಲ, ತಮ್ಮ ಸ್ಫಟಿಕದ ಒಡಲೊಳಕ್ಕೇ ಸೇರಿಸಿಕೊಂಡು ಬೇರೊಂದು ಸ್ಫಟಿಕವಾಗಿ ಬೆಳೆಯುತ್ತವೆ. ನಿರ್ಜಲವಾದ 100 ಗ್ರಾಂ ಸೋಡಾ ಮೊದಲ ಮೆಟ್ಟಿಲಲ್ಲಿ 17 ಗ್ರಾಂ ನೀರನ್ನು ಒಳಗೊಂಡು ತೃಪ್ತವಾಗುತ್ತದೆ; ಗಾಳಿ ತಂಪಾಗಿಯೂ ತೇವವಾಗಿಯೂ ಇದ್ದರೆ ಅಷ್ಟಕ್ಕೆ ನಿಲ್ಲದೆ 170 ಗ್ರಾಮಿನವರೆಗೆ ಕುಡಿಯಬಲ್ಲುದು. ಒಣಗಿದ ಮುಖ ಹೊತ್ತ ಹೆಂಟೆ ತಕ್ಕಡಿಯಲ್ಲಿ ಭಾರವಾಗಿ ತೂಗುವುದು ಇದರಿಂದಲೇ. ಬೆಳೆಯುವ ಸ್ಫಟಿಕ ತನ್ನ ಮಗ್ಗುಲಿನ ಕಣವನ್ನು ತಬ್ಬಿಕೊಂಡೇ ಬೆಳೆಯುವುದರಿಂದ, ಬಿಡಿಬಿಡಿಯಾಗಿದ್ದ ಕಣಗಳ ನಡುವೆ ಸೇತುವೆಗಳು ಕಟ್ಟಿಕೊಳ್ಳುತ್ತವೆ. ಪಾತ್ರೆಯ ತಳದಲ್ಲಿ ಮೇಲಿನ ಭಾರವೂ ಸೇರಿ ಕಣಗಳು ಒತ್ತಾಗಿ ಕೂರುವುದರಿಂದ ಅಲ್ಲಿಯ ಕಟ್ಟು ಎಲ್ಲಕ್ಕಿಂತ ಬಲ.

ಉಪ್ಪಿನ ಸ್ವಭಾವ ಕೊಂಚ ಬೇರೆ, ಅದು ನಮ್ಮ ಕರಾವಳಿಯ ಮತ್ತು ಮಲೆನಾಡಿನ ಎಲ್ಲ ಗೃಹಿಣಿಯರಿಗೂ ಪರಿಚಿತ. ಗಾಳಿಯ ಆರ್ದ್ರತೆ ನೂರಕ್ಕೆ 75ನ್ನು ದಾಟಿತೆಂದರೆ ಉಪ್ಪು ತಾನಾಗಿ ನೀರೊಡೆಯತೊಡಗುತ್ತದೆ. ಆಗುಂಬೆ, ಹೊಸನಗರ, ಮಡಿಕೇರಿಗಳ ಕಡೆ ಜೂನ್ ನಡುವಿನಿಂದ ಸೆಪ್ಟೆಂಬರಿನವರೆಗೆ ಆ ಗಡಿಯೊಳಗೆ ಇಳಿಯುವ ದಿನಗಳೇ ವಿರಳವಾದ್ದರಿಂದ ಉಪ್ಪಿನ ಭರಣಿಯ ತಳದಲ್ಲಿ ಮಳೆಗಾಲವಿಡೀ ನೀರು ನಿಂತಿರುತ್ತದೆ. ಹಲವು ಲವಣಗಳು ಕಲೆತಾಗ, ಅವು ಒಂದೊಂದೇ ಇದ್ದಾಗ ನೀರೊಡೆಯುವುದಕ್ಕಿಂತ ಕಡಿಮೆ ಆರ್ದ್ರತೆಯಲ್ಲೇ ನೀರೊಡೆಯುವುದು ರಸಾಯನದ ನಿಯಮ. ಆದುದರಿಂದ ಒಗೆಯುವ ಪುಡಿ ಉಪ್ಪಿಗಿಂತಲೂ ದುರ್ಬಲಮನಸ್ಕವೆಂದೇ ಹೇಳಬೇಕು.

ಆದರೆ ಬರಿಯ ತೇವದಿಂದ ಪುಡಿ ಮೆತ್ತಗಾಗಬಹುದು, ಗಂಟುಗಂಟಾಗಬಹುದು; ಗುಂಡುಕಲ್ಲು ಬೇಡುವಷ್ಟು ಕಠಿಣವಾಗಬೇಕಾದರೆ ಇನ್ನೊಂದು ಸಂಗತಿ ಒದಗಬೇಕು. ಅದು ನಮ್ಮ ಬಚ್ಚಲುಮನೆಗಳಲ್ಲಿ ತಪ್ಪದೆ ಒದಗುತ್ತದೆ. ನೀರುಂಡ ಸೋಡಿಯಂ ಸಲ್ಫೇಟಿಗೆ 32.4 ಡಿಗ್ರಿ ಸೆಲ್ಸಿಯಸ್ ಒಂದು ಲಕ್ಷ್ಮಣರೇಖೆ. ಅದಕ್ಕಿಂತ ಕೆಳಗೆ ಹತ್ತು ಅಣು ನೀರನ್ನು ಒಳಗಿಟ್ಟುಕೊಂಡ ಸ್ಫಟಿಕವಾಗಿ ನಿಲ್ಲುವ ಆ ಲವಣ, ಅದನ್ನು ದಾಟಿದೊಡನೆ ಆ ನೀರನ್ನು ಉಗುಳಿ, ತಾನು ಉಗುಳಿದ ನೀರಿನಲ್ಲಿ ತಾನೇ ಒಂದು ಪಾಲು ಕರಗುತ್ತದೆ. ನೀರುಂಡ ಸೋಡಾ ರೂಪ ಬದಲಾಯಿಸತೊಡಗುವುದೂ ಹೆಚ್ಚುಕಡಮೆ ಅದೇ 32 ಡಿಗ್ರಿಯಲ್ಲಿ. ಈಗ ಅಣ್ಣನ ಮನೆಯ ಬಚ್ಚಲನ್ನು ನೆನೆಯಿರಿ. ಬೆಳಗ್ಗೆ ಐದಕ್ಕೆ ಹಂಡೆಯ ಒಲೆಗೆ ಬೆಂಕಿ ಬೀಳುತ್ತದೆ. ಒಬ್ಬೊಬ್ಬರಾಗಿ ಎಲ್ಲರ ಸ್ನಾನ ಮುಗಿಯುವಷ್ಟರಲ್ಲಿ ಒಲೆಯ ಮಗ್ಗುಲ ಗೂಡು ಆ ರೇಖೆಯನ್ನು ಸುಖವಾಗಿ ದಾಟಿರುತ್ತದೆ, ಹಬೆಯಂತೂ ಕಣ್ಣು ಕಾಣದಷ್ಟು ತುಂಬಿರುತ್ತದೆ. ಮಧ್ಯಾಹ್ನಕ್ಕೆ ಬೆಂಕಿ ಆರಿ, ರಾತ್ರಿಗೆ ಗೋಡೆ ತಣ್ಣಗಾಗಿ, ಉಷ್ಣತೆ 20ರ ಆಸುಪಾಸಿಗೆ ಇಳಿಯುತ್ತದೆ. ಹಗಲು ಒಸರಿದ್ದು ಇರುಳು ಹೆಪ್ಪುಗಟ್ಟಿ, ಮತ್ತೆ ಹಗಲು ಒಸರಿ, ಮತ್ತೆ ಇರುಳು ಹೆಪ್ಪುಗಟ್ಟಿ, ಹೀಗೆ ಇಪ್ಪತ್ತು ಆವರ್ತನಗಳಾದ ಮೇಲೆ ಆ ಬಕೀಟಿನಲ್ಲಿ ಇಟ್ಟಿಗೆಯಲ್ಲದೆ ಮತ್ತೇನು ಹುಟ್ಟೀತು? ಪೇಟೆಯ ಮನೆಗಳಲ್ಲಿ ಹಂಡೆಯಿಲ್ಲ, ಗೀಸರಿದೆ. ಗೀಸರಿನ ಕೆಳಗಣ ಕಪಾಟೂ ಇದೇ ಗೂಡಿನ ಸೋದರ.

ಇನ್ನು ಶಕ್ತಿಯ ಪ್ರಶ್ನೆ. ನೊರೆಯ ಮೂಲದ್ರವ್ಯ ಆವಿಯಾಗಿ ಹಾರಿಹೋಗತಕ್ಕದ್ದಲ್ಲ, ಮಳೆಗಾಲದ ತೇವಕ್ಕೆ ಕೊಳೆಯತಕ್ಕದ್ದೂ ಅಲ್ಲ. ಸೋಡಾ ನೀರುಂಡರೂ ಸೋಡಾವೇ; ತೊಟ್ಟಿಯಲ್ಲಿ ಕರಗಿದ ಮೇಲೆ ಅದು ಮಾಡುವ ಕೆಲಸದಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸವಿರದು. ಅತ್ತಿಗೆಯ ಬಕೀಟಿನಲ್ಲಿದ್ದದ್ದು ಹೆಚ್ಚಿನ ಅಲಂಕಾರಗಳಿಲ್ಲದ ಸಾಧಾರಣ ಪುಡಿಯಾದ್ದರಿಂದ, ಅದಕ್ಕೆ ಆದ ನಷ್ಟ ಎಂದರೆ ನೀರು ಬೆರೆತು ತೆಳುವಾದದ್ದು ಮಾತ್ರ: 3020 ಗ್ರಾಮಿನಲ್ಲಿ 220 ಗ್ರಾಂ, ಅಂದರೆ ನೂರಕ್ಕೆ ಏಳು. ಹದಿನಾಲ್ಕು ಚಮಚ ಹಾಕುವ ಕಡೆ ಹದಿನೈದು ಚಮಚ ಹಾಕಿದರೆ ಆ ಲೆಕ್ಕ ಸರಿಹೋಗುತ್ತದೆ. ಒಂದು ಸಣ್ಣ ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕು. ಪುಡಿಯಲ್ಲಿಯ ಸಿಲಿಕೇಟ್ ತೇವದೊಡನೆ ಗಾಳಿಯ ಇಂಗಾಲಾಮ್ಲವನ್ನೂ ಹೀರಿ, ಕಾಲಕ್ರಮದಲ್ಲಿ ಸುಲಭವಾಗಿ ಕರಗದ ರೂಪಕ್ಕೆ ತಿರುಗುತ್ತದೆ. ಕಪ್ಪು ಬಟ್ಟೆಯ ಮೇಲೆ ಒಗೆದಾದ ಬಳಿಕ ಬಿಳಿಯ ನುಸಿಯಂತೆ ಉಳಿಯುವ ಚುಕ್ಕೆಗಳಿಗೆ ಅನೇಕ ವೇಳೆ ಇದೇ ಕಾರಣ.

ನಿಜವಾಗಿ ಶಕ್ತಿಗುಂದುವುದು ಬೆಲೆಬಾಳುವ ಪುಡಿಗಳು. 1907ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿ ಪರ್ಸಿಲ್ ಎಂಬ ಪುಡಿಯನ್ನು ಮಾರುಕಟ್ಟೆಗೆ ತಂದಾಗ, ಪರ್ಬೊರೇಟ್ ಮತ್ತು ಸಿಲಿಕೇಟ್ ಎಂಬ ಎರಡು ಘಟಕಗಳ ಮೊದಲ ಅಕ್ಷರಗಳನ್ನು ಜೋಡಿಸಿಯೇ ಅದಕ್ಕೆ ಹೆಸರಿಟ್ಟಿತು; ಬಟ್ಟೆಯನ್ನು ಬಿಸಿಲಿಗೆ ಹರಡದೆಯೇ ಬಿಳಿಮಾಡುವ ಆಮ್ಲಜನಕ ಆ ಪರ್ಬೊರೇಟಿನಲ್ಲಿ ಅಡಗಿತ್ತು. ಈಗ ಆ ಸ್ಥಾನವನ್ನು ಬಹುಮಟ್ಟಿಗೆ ಪರ್ಕಾರ್ಬೊನೇಟ್ ಆಕ್ರಮಿಸಿದೆ. ಅದು ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡುಗಳ ಸಂಧಿಯಿಂದ ಆದ ಘನವಸ್ತು; ತೊಟ್ಟಿಯ ನೀರಿನಲ್ಲಿ ಬೇರ್ಪಟ್ಟು ಕಲೆಯನ್ನು ಬಿಳಿಚಿಸಬೇಕಾದ ಆ ಸಂಧಿ, ಡಬ್ಬಿಯೊಳಗೇ ತೇವ ಸಿಕ್ಕಿದರೆ ಅಲ್ಲೇ ಬೇರ್ಪಡುತ್ತದೆ, ಆಮ್ಲಜನಕ ಯಾರಿಗೂ ಪ್ರಯೋಜನವಿಲ್ಲದೆ ಗಾಳಿಗೆ ಸೇರುತ್ತದೆ, ಹಿಂದೆ ಉಳಿಯುವುದು ಬರಿಯ ಸೋಡಾ. ಅನ್ನದ ಗಂಜಿ, ಹಾಲು, ರಕ್ತ ಮುಂತಾದವುಗಳ ಕಲೆಯನ್ನು ಜೀರ್ಣಿಸಲೆಂದು ಸೇರಿಸಿದ ಕಿಣ್ವಗಳು ಇನ್ನೂ ಸುಕುಮಾರವಾದವು. ಅವನ್ನು ಮೇಣದಂಥ ಹೊದಿಕೆಯ ಸಣ್ಣ ಗುಳಿಗೆಗಳಾಗಿ ಮಾಡಿ ಬೆರೆಸಿರುತ್ತಾರೆ. ತೇವ ಆ ಹೊದಿಕೆಯೊಳಗೆ ನುಸುಳಿದರೆ, ಪಕ್ಕದಲ್ಲಿ ಅಕಾಲದಲ್ಲಿ ಬಿಡುಗಡೆಯಾದ ಪೆರಾಕ್ಸೈಡು ಅವುಗಳ ಪ್ರಾಣವನ್ನೇ ತೆಗೆಯುತ್ತದೆ. ಈ ಹಾನಿಗೆ ಪುಡಿ ಗಂಟಾಗಬೇಕೆಂದಿಲ್ಲ.

ಮನೆಯಲ್ಲೇ ಪರೀಕ್ಷಿಸುವುದು ಕಷ್ಟವಲ್ಲ. ಅಂಗಡಿಯಿಂದ ಅದೇ ಪುಡಿಯ ಚಿಕ್ಕ ಪೊಟ್ಟಣವೊಂದನ್ನು ತನ್ನಿ. ನಿಮ್ಮ ಪ್ರಯೋಗಾಲಯದ ಪ್ರಮಾಣವಸ್ತು ಅದೇ. ಎರಡು ಗಾಜಿನ ಲೋಟಗಳಲ್ಲಿ ಕೈ ತಾಳುವಷ್ಟು ಬಿಸಿಯ ನೀರು ತೆಗೆದುಕೊಂಡು, ಒಂದಕ್ಕೆ ಹೊಸ ಪುಡಿ, ಇನ್ನೊಂದಕ್ಕೆ ಹಳೆಯ ಪುಡಿ, ಒಂದೊಂದು ಚಮಚ ಹಾಕಿ, ನೊರೆ ಏಳದಂತೆ ಮೆಲ್ಲನೆ ತಿರುವಿ, ಕಾಲು ಗಂಟೆ ಕದಲಿಸದೆ ಬಿಡಬೇಕು. ಆಮ್ಲಜನಕವುಳ್ಳ ಹೊಸ ಪುಡಿಯ ಲೋಟದ ಗೋಡೆಗೆ ಸೂಜಿಮೊನೆಯಂಥ ಗುಳ್ಳೆಗಳು ಹತ್ತಿ, ಒಂದೇಸಮನೆ ಮೇಲೇಳುತ್ತಿರುತ್ತವೆ. ಹಳೆಯದರಲ್ಲಿ ಅವು ಕಾಣದಿದ್ದರೆ ಬಿಳುಪು ಕೊಡುವ ಶಕ್ತಿ ಮುಗಿಯಿತೆಂದೇ ತಿಳಿಯಬೇಕು. ಬಳಿಕ ಎರಡರಿಂದಲೂ ಸಮಪಾಲು ನೀರನ್ನು ಒಂದೇ ಅಳತೆಯ ಬಾಟಲಿಗಳಿಗೆ ತುಂಬಿ ಕುಲುಕಿದರೆ ನೊರೆಯ ಎತ್ತರ ಹೆಚ್ಚುಕಡಮೆ ಒಂದೇ ಆಗಿರುವುದನ್ನು ಕಾಣುವಿರಿ. ಅಂಥ ಪುಡಿ ದಿನಬಳಕೆಯ ಬಣ್ಣದ ಬಟ್ಟೆಗೆ ಧಾರಾಳವಾಗಿ ಆದೀತು. ಬಿಳಿಯ ಪಂಚೆಯ ಮೇಲಿನ ಕಾಫಿಯ ಕಲೆಗೆ ಆಗದು.

ಕಾಪಾಡುವ ಉಪಾಯಕ್ಕೆ ಬರೋಣ. ಪದೇ ಪದೇ ಮುಚ್ಚಳ ತೆಗೆಯುವುದರಿಂದಲೇ ಪುಡಿ ಕೆಡುತ್ತದೆ ಎಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಇದನ್ನು ಲೆಕ್ಕಕ್ಕೆ ಒಡ್ಡಿ ನೋಡುವುದು ಒಳ್ಳೆಯದು. ಮಳೆಗಾಲದ 25 ಡಿಗ್ರಿಯ ತೇವದ ಗಾಳಿಯಲ್ಲಿ ಒಂದು ಘನಮೀಟರಿಗೆ ಸುಮಾರು 21 ಗ್ರಾಂ ನೀರಿನ ಆವಿ ಇರುತ್ತದೆ. 5 ಲೀಟರಿನ ಡಬ್ಬಿ ಅರ್ಧ ಖಾಲಿಯಾಗಿದ್ದು, ಮುಚ್ಚಳ ತೆಗೆದಾಗ ಒಳಗಿನ ಎರಡೂವರೆ ಲೀಟರ್ ಗಾಳಿಯೆಲ್ಲ ಹೋಗಿ ಹೊರಗಿನ ಗಾಳಿಯೇ ತುಂಬಿತೆಂದು ಇಟ್ಟುಕೊಂಡರೂ, ಅದರೊಡನೆ ಬರುವ ನೀರು ಒಂದು ಗ್ರಾಮಿನ ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ ಸರಿಯಾಗಿ ಒಂದು ಹನಿ. ಒಗೆಯುವ ಕಲ್ಲಿನ ಬಳಿಯಿಂದ ಎದ್ದುಬಂದ ಒದ್ದೆ ಕೈ, ಅಥವಾ ತೊಳೆದು ಕೊಡವದ ಚಮಚ, ಒಮ್ಮೆಗೆ 5 ಗ್ರಾಂ ನೀರನ್ನು ಒಳಗೆ ಬಿಡುವುದು ಅಸಾಧ್ಯವೇನಲ್ಲ; ಅದು ನೂರು ಸಲ ಮುಚ್ಚಳ ತೆಗೆದದ್ದಕ್ಕೆ ಸಮ. ಮುಚ್ಚಳ ತೆಗೆಯುವುದು ಅಪರಾಧವಲ್ಲ, ತೆಗೆದದ್ದನ್ನು ಹಾಕದಿರುವುದು ಅಪರಾಧ. ಅಡ್ಡತಟ್ಟೆ ಮುಚ್ಚಿದ ಬಕೀಟು ಹಗಲಿರುಳು ಹೊರಗಿನ ಗಾಳಿಯೊಡನೆ ಗುಟ್ಟಾಗಿ ಸಂಭಾಷಿಸುತ್ತಲೇ ಇರುತ್ತದೆ.

ಆದಕಾರಣ ನಾನು ಅತ್ತಿಗೆಗೆ ಹೇಳಿದ್ದು ಇಷ್ಟು. ಪುಡಿಯನ್ನು ಅದರ ಪ್ಲಾಸ್ಟಿಕ್ ಚೀಲದಿಂದ ಸುರಿಯಬೇಡಿ. ತೇವವನ್ನು ತಡೆಯುವುದರಲ್ಲಿ ನಾವು ಹುಡುಕಿ ತರುವ ಅನೇಕ ಡಬ್ಬಿಗಳಿಗಿಂತ ಆ ಚೀಲವೇ ಮೇಲು. ಮೂಲೆಯನ್ನು ಚಮಚ ಹೋಗುವಷ್ಟು ಮಾತ್ರ ಕತ್ತರಿಸಿ, ತೆಗೆದ ಬಳಿಕ ಒಳಗಿನ ಗಾಳಿ ಒತ್ತಿ ಹೊರಡಿಸಿ, ಬಾಯನ್ನು ಮೂರು ಮಡಿಕೆ ಮಡಿಚಿ, ಬಟ್ಟೆ ಹರವುವ ಕ್ಲಿಪ್ಪು ಸಿಕ್ಕಿಸಿ, ಚೀಲವನ್ನು ಹಾಗೆಯೇ ಬಿಗಿ ಮುಚ್ಚಳದ ಡಬ್ಬಿಯೊಳಗೆ ಇಡಿ. ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಪುಡಿಯನ್ನಾದರೆ ಮನೆಗೆ ತಂದ ದಿನವೇ ದಪ್ಪನೆಯ ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಬೇಕು, ಏಕೆಂದರೆ ರಟ್ಟು ತಾನೇ ತೇವವನ್ನು ಹೀರಿ ಒಳಕ್ಕೆ ಕೊಡುತ್ತದೆ. ಚೀಲವನ್ನು ಉಳಿಸುವುದಕ್ಕೆ ಇನ್ನೊಂದು ಪ್ರಯೋಜನವೂ ಉಂಟು: ಹೆಸರು, ತಯಾರಾದ ತಿಂಗಳು, ಬಳಕೆಯ ಅಳತೆ ಎಲ್ಲ ಅದರ ಮೇಲಿರುತ್ತದೆ, ಹೆಸರಿಲ್ಲದ ಹಾರ್ಲಿಕ್ಸ್ ಬಾಟಲಿಗೆ ತುಂಬಿಟ್ಟ ಬಿಳಿಯ ಪುಡಿಯನ್ನು ಉಪ್ಪೆಂದೋ ಸಕ್ಕರೆಯೆಂದೋ ಭ್ರಮಿಸುವ ಕೈಗಳು ಎಲ್ಲ ಮನೆಯಲ್ಲಿಯೂ ಇರುತ್ತವೆ.

ಡಬ್ಬಿಯ ಸ್ಥಾನ ಬಚ್ಚಲಲ್ಲ. ಅಡುಗೆಮನೆಯ ಅಟ್ಟವಾದೀತೇ ಎಂದು ಅತ್ತಿಗೆ ಕೇಳಿದರು. ಬೀಜದ ಸೌತೆಕಾಯಿಯನ್ನೂ ಒಣ ಹುಳಿಯನ್ನೂ ಕಾಪಾಡುವ ಅಟ್ಟ ಇದನ್ನೇಕೆ ಕಾಪಾಡದೆಂಬುದು ಅವರ ತರ್ಕ. ಆದರೆ ಅಟ್ಟದ ಶಾಖ ಕಿಣ್ವಕ್ಕೂ ಪರ್ಕಾರ್ಬೊನೇಟಿಗೂ ಒಗ್ಗದು, ತಿನ್ನುವ ಪದಾರ್ಥದ ನೆರೆಯಲ್ಲಿ ಇದು ಇರಲೂ ಕೂಡದು. ಜಗುಲಿಯ ಒಳಗೋಡೆಯ ಪಕ್ಕ, ನೆಲದಿಂದ ಒಂದು ಮೊಳ ಎತ್ತರದ ಹಲಗೆಯ ಮೇಲೆ, ಮಕ್ಕಳ ಕೈಗೆ ಸಿಗದಂತೆ, ಬೆವರುವ ಗೋಡೆಗೆ ಡಬ್ಬಿ ತಾಕದಂತೆ ಇಟ್ಟರೆ ಸಾಕು. ಬಚ್ಚಲಿಗೆ ಆ ದಿನದ 60 ಗ್ರಾಂ ಮಾತ್ರ ಒಂದು ಲೋಟದಲ್ಲಿ ಹೋಗಲಿ. ಚಮಚ ಡಬ್ಬಿಯಲ್ಲೇ ಉಳಿಯಲಿ, ಅದಕ್ಕೆ ನೀರು ಕಾಣುವ ಭಾಗ್ಯ ಬೇಡ.

ತೇವ ಹೀರಲು ಅಕ್ಕಿಕಾಳು ಹಾಕುವ ಪದ್ಧತಿ ಉಪ್ಪಿನ ಡಬ್ಬಿಯಿಂದ ಬಂದದ್ದು. ಇಲ್ಲಿ ಆ ಅಕ್ಕಿ ಕೊನೆಗೆ ಅಂಗಿಯ ಜೇಬು ಸೇರುತ್ತದೆ, ಅಷ್ಟೆ. ಪಾದರಕ್ಷೆಯ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ಲಿನ ಪುಟ್ಟ ಪೊಟ್ಟಣವೂ ನಮ್ಮ ಕೈಗೆ ಬರುವಷ್ಟರಲ್ಲಿ ಕುಡಿಯಬೇಕಾದದ್ದನ್ನೆಲ್ಲ ಕುಡಿದು ಕುಳಿತಿರುತ್ತದೆ. ಕ್ಯಾಮೆರಾ ಇಟ್ಟುಕೊಂಡವರು ಬಳಸುವಂಥ ಬಿಡಿ ಸಿಲಿಕಾ ಜೆಲ್ 50 ಗ್ರಾಂ ತಂದು, ತೆಳುಬಟ್ಟೆಯಲ್ಲಿ ಕಟ್ಟಿ, ಪುಡಿಯ ಚೀಲದ ಹೊರಗೆ, ಡಬ್ಬಿಯ ಒಳಗೆ ಇಡಬಹುದು. ಅದು ತನ್ನ ತೂಕದ ಕಾಲುಭಾಗದಷ್ಟು, ಅಂದರೆ 12 ಗ್ರಾಮಿನಷ್ಟು ನೀರನ್ನು ಹಿಡಿಯುತ್ತದೆ. ಮುಚ್ಚಳ ತೆಗೆದಾಗೊಮ್ಮೆ ಒಂದು ಹನಿಯಂತೆ ಇದು 240 ಸಲಕ್ಕೆ ಸಾಕು; ದಿನಕ್ಕೆ ಎರಡು ಸಲವೆಂದರೆ ನಾಲ್ಕು ತಿಂಗಳು, ಅಂದರೆ ಒಂದು ಮಳೆಗಾಲ. ಒಂದೇ ಒಂದು ಒದ್ದೆ ಚಮಚ ಈ ಲೆಕ್ಕದ ಅರ್ಧದ ಹತ್ತಿರ ಹತ್ತಿರ ನುಂಗಿಬಿಡುತ್ತದೆಂಬುದನ್ನು ಮರೆಯಬಾರದು.

ಇಷ್ಟು ಹೇಳಿದ ಮೇಲೆ ಬಿಗಿ ಮುಚ್ಚಳಕ್ಕೆ ಇರುವ ಒಂದು ನಿಷೇಧವನ್ನು ಒತ್ತಿ ಹೇಳಲೇಬೇಕು. ಕಲೆ ತೆಗೆಯಲೆಂದು ಬೇರೆಯಾಗಿ ಮಾರುವ ಆಮ್ಲಜನಕದ ಪುಡಿಯಲ್ಲಿ ಪರ್ಕಾರ್ಬೊನೇಟಿನ ಪಾಲು ಬಹಳ. ಅದು ಒಮ್ಮೆ ನೆನೆಯಿತೆಂದರೆ ಆಮ್ಲಜನಕದೊಡನೆ ಶಾಖವೂ ಹೊಮ್ಮುತ್ತದೆ. ಅಂಥ ಒದ್ದೆ ಪುಡಿಯನ್ನು ಗಾಜಿನ ಭರಣಿಯಲ್ಲಿ ಬಿಗಿದಿಟ್ಟರೆ ಭರಣಿ ಸಿಡಿಯಬಹುದು. ಅದನ್ನು ಅದು ಬಂದ ಡಬ್ಬಿಯಲ್ಲಿಯೇ ಇಡಬೇಕು, ನೆನೆದದ್ದನ್ನು ಮುಚ್ಚದೆ ಬಕೀಟು ತುಂಬ ನೀರಿನಲ್ಲಿ ಕದಡಿ ಚೆಲ್ಲಬೇಕು.

ಬಂಡೆಯ ಗತಿಯೇನೆಂದರೆ, ಅದನ್ನು ಜಜ್ಜುವುದನ್ನು ನಾನು ಅಲ್ಲಿಗೇ ನಿಲ್ಲಿಸಿದೆ. ಜಜ್ಜಿದಾಗ ಏಳುವ ಧೂಳು ಕ್ಷಾರದ ಧೂಳು, ಮೂಗಿಗೂ ಕಣ್ಣಿಗೂ ಕೆಟ್ಟದ್ದು. ಅತ್ತಿಗೆಯ ಬೆರಳ ಸಂದುಗಳು ಆಗಲೇ ಕೆಂಪಾಗಿದ್ದುವು. ದಿನಕ್ಕೆ ಬೇಕಾದಷ್ಟು ಹೆಂಟೆಯನ್ನು, ಲೆಕ್ಕದ 60ಕ್ಕೆ ಬದಲು 65 ಗ್ರಾಂ ತೂಗಿ, ರಾತ್ರಿಯೇ ಒಂದು ಲೀಟರ್ ಬಿಸಿನೀರಿನಲ್ಲಿ ಹಾಕಿಟ್ಟು, ಬೆಳಗ್ಗೆ ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ಆ ನೀರನ್ನೇ ಬಟ್ಟೆಗೆ ಬಳಸುವಂತೆ ಹೇಳಿದೆ. ಕರಗದ ಬಿಳಿಯ ಚೂರುಗಳು ಬಟ್ಟೆಯ ತುಂಡಿನಲ್ಲೇ ಉಳಿದವು. 3 ಕಿಲೋದ ಆ ಬಂಡೆ ಒಂದೂವರೆ ತಿಂಗಳು ಒಗೆತಕ್ಕೆ ಬಂದು, ಭಾದ್ರಪದದಲ್ಲಿ ಮುಗಿಯಿತು. ಅಣ್ಣ ಈಗ ಮಳೆಗಾಲದಲ್ಲಿ 4 ಕಿಲೋದ ಚೀಲ ತರುವುದಿಲ್ಲ; ಒಂದೊಂದು ಕಿಲೋದ ನಾಲ್ಕು ಪೊಟ್ಟಣ ತರುತ್ತಾನೆ, ಬಾಯಿ ಬಿಚ್ಚಿದ ಪೊಟ್ಟಣ ಹದಿನೇಳು ದಿನಕ್ಕೆ ಖಾಲಿಯಾಗುತ್ತದೆ.